ಅಲ್ಲಿ ರಾತ್ರಿ, ಇಲ್ಲಿ ತಿಂಡಿ ಹೊತ್ತು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವುದು ಈಗ ಹೊಸ ಸುದ್ದಿಯಲ್ಲ. ಅಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಕನ್ನಡ ಸಿಗುವುದು ಎರಡು ಕಡೆ: ವಾರಾಂತ್ಯದ ಕನ್ನಡ ತರಗತಿಯಲ್ಲಿ, ಮತ್ತು ಮನೆಯಲ್ಲಿ.

ಕ್ಯಾಲಿಫೋರ್ನಿಯಾವನ್ನೇ ನೋಡಿ. ಅಲ್ಲಿ 1973ರಲ್ಲಿ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವಿದೆ, ‘ಕನ್ನಡ ಕಲಿ’ ತರಗತಿಗಳಿವೆ. ಪಾಠ ಹೇಳುವವರು ಹೆಚ್ಚಾಗಿ ಸಂಬಳವಿಲ್ಲದ ಅಪ್ಪ-ಅಮ್ಮಂದಿರು. ವಾರಕ್ಕೆ ಒಂದೆರಡು ಗಂಟೆಯ ಪಾಠದಲ್ಲಿ ಅಕ್ಷರಮಾಲೆ, ಕಾಗುಣಿತ ಹೇಗೋ ಹತ್ತುತ್ತವೆ. ಮಕ್ಕಳು ತಡವರಿಸುವುದು ಒತ್ತಕ್ಷರದಲ್ಲಿ. ‘ರಾತ್ರಿ’ಯ ರ ಒತ್ತಿಗೆ ರ ಅಕ್ಷರದ ಹೋಲಿಕೆಯೇ ಇಲ್ಲ, ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರ ಬರೆಯುವಾಗ ಅರ್ಕಾವತ್ತಾಗಿ ಹಿಂದೆ ಬೀಳುತ್ತದೆ.

ಇದನ್ನು ದಾಟಿದ ಮೇಲೆ ಇನ್ನೊಂದು ತೊಡಕು. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುವುದರಿಂದ ಎಂಟು ವರ್ಷದ ಮಗು ಅರ್ಥ ತಿಳಿಯದೆಯೂ ಪುಟಗಟ್ಟಲೆ ಓದಿಬಿಡುತ್ತದೆ. ಕೇಳಿದವರಿಗೆ ಸಂತೋಷ. ಪುಸ್ತಕ ಮುಚ್ಚಿ ‘ಏನಾಯ್ತು, ಹೇಳು’ ಎಂದಾಗ ಉತ್ತರ ಇಂಗ್ಲಿಷಿನಲ್ಲಿ ಬಂದರೆ ಕಥೆ ತಿಳಿದಿದೆ, ಮಾತು ಸಾಲದು. ಉತ್ತರವೇ ಬರದಿದ್ದರೆ ಪುಸ್ತಕವೇ ಕಷ್ಟದ್ದು.

ಆ ಮಾತು ಮನೆಯಿಂದಲೇ ಬರಬೇಕು. ಆದರೆ ಅಜ್ಜ-ಅಜ್ಜಿ ಹೋಗಿ ಇರುವುದು ಸುಲಭವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಚಳಿಗಾಲದಲ್ಲಿ ಕೊನೆಕೊಯ್ಲು, ಸುಲಿತ. ಹಾಗಾಗಿ ವಿಡಿಯೊ ಕರೆಯೇ ಗತಿ. ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8 ಗಂಟೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ 8.30, ಅವರ ಚಳಿಗಾಲದಲ್ಲಿ 9.30. ‘ಊಟ ಆಯ್ತಾ, ಶಾಲೆ ಹೇಗಿದೆ’ ಎಂಬಲ್ಲಿಗೆ ಮಾತು ಮುಗಿಯದಿರಲು ನಡುವೆ ಒಂದು ಪುಸ್ತಕವಿದ್ದರೆ ಒಳ್ಳೆಯದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ, ನಾಲ್ಕು ಹಂತಗಳಲ್ಲಿ ಸಿಗುತ್ತವೆ. ಮೊದಲ ವಾರ ಅಜ್ಜಿ ಚಿತ್ರ ನೋಡುತ್ತಾ ಕಥೆಯನ್ನು ತನ್ನದೇ ಮಾತಿನಲ್ಲಿ ಹೇಳಲಿ. ಮರುವಾರ ಅದೇ ಕಥೆಯನ್ನು ಅಜ್ಜಿ ಒಂದು ಸಾಲು, ಮಗು ಒಂದು ಸಾಲು ಓದಲಿ. ಮೂರನೆಯ ವಾರ ಮಗು ಪುಸ್ತಕವಿಲ್ಲದೆ ಹೇಳಲಿ. ಅಜ್ಜಿಯದು ಹವ್ಯಕ ಕನ್ನಡವೋ ತೀರ್ಥಹಳ್ಳಿ ಕನ್ನಡವೋ ಆಗಿದ್ದು ಪುಸ್ತಕದ ಕನ್ನಡಕ್ಕಿಂತ ಬೇರೆಯಿದ್ದರೆ ತಿದ್ದಬೇಕಿಲ್ಲ. ಎರಡೂ ಕಿವಿಗೆ ಬಿದ್ದ ಮಗು ಊರಿಗೆ ಬಂದಾಗ ಯಾರ ಮಾತಿಗೂ ಕಕ್ಕಾಬಿಕ್ಕಿಯಾಗುವುದಿಲ್ಲ.

ಹನ್ನೆರಡು ದಾಟಿದವರಿಗೆ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಸಾಗರ, ಹೊಸನಗರದ ಊರುಗಳು ಹೋದದ್ದನ್ನು ಕಂಡ ಅಜ್ಜಂದಿರು ಇನ್ನೂ ಇದ್ದಾರೆ. ನಮ್ಮ ಮನೆ ಎಲ್ಲಿತ್ತು, ಯಾವಾಗ ಬಿಟ್ಟಿರಿ ಎಂದು ಅವರನ್ನು ಕೇಳಬೇಕೆಂದರೆ ಮೊಮ್ಮಕ್ಕಳು ಕನ್ನಡದಲ್ಲೇ ಕೇಳಬೇಕು.