ಚನ್ನಪಟ್ಟಣದ ಗೊಂಬೆಗಳ ಆನ್‌ಲೈನ್ ರಫ್ತು

ಚನ್ನಪಟ್ಟಣದ ಗೊಂಬೆಗಳ ಆನ್‌ಲೈನ್ ರಫ್ತು ಎಂದರೆ ಅರಗಿನ ಬಣ್ಣ ಲೇಪಿಸಿದ ಮರದ ಆಟಿಕೆಗಳನ್ನು ಎಟ್ಸಿ, ಅಮೆಜಾನ್ ಮುಂತಾದ ಜಾಗತಿಕ ಮಾರುಕಟ್ಟೆ ಜಾಲತಾಣಗಳ ಮೂಲಕ ವಿದೇಶದ ಗ್ರಾಹಕರಿಗೆ ನೇರವಾಗಿ ಮಾರುವ ವ್ಯವಹಾರ. ಒಂದೊಂದೇ ಪೊಟ್ಟಣವಾಗಿ ಹೋದರೂ ಕಾನೂನಿನ ದೃಷ್ಟಿಯಲ್ಲಿ ಇದು ವಾಣಿಜ್ಯ ರಫ್ತು.

## ಸುಂಕದ ದಾಖಲೆಗಳು

ಮಾರಾಟಗಾರರು ಮೊದಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತವನ್ನು (ಐಇಸಿ) ಪಡೆಯಬೇಕು. ಅಂಚೆಯ ಮೂಲಕ ಕಳುಹಿಸುವವರು ಅಂಚೆ ರಫ್ತು ಬಿಲ್ಲನ್ನು ಸಲ್ಲಿಸುತ್ತಾರೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಇದಕ್ಕೆ ನೆರವಾಗುತ್ತವೆ. ಪೊಟ್ಟಣದ ಮೇಲಿನ ಸಿಎನ್ 22 ಅಥವಾ ಸಿಎನ್ 23 ನಮೂನೆಯಲ್ಲಿ ವಸ್ತುವಿನ ವಿವರ, ತೂಕ, ಬೆಲೆ ಮತ್ತು ಸರಕು ಸಂಕೇತ ಇರುತ್ತವೆ. ಆಟಿಕೆಗಳು 9503ನೇ ಶೀರ್ಷಿಕೆಗೆ ಸೇರುತ್ತವೆ. ‘ಕರಕುಶಲ ವಸ್ತು’ ಎಂಬ ಅಸ್ಪಷ್ಟ ವಿವರಣೆಗಿಂತ ‘ಅರಗು ಲೇಪಿತ ಮರದ ಆಟಿಕೆ, 2’ ಎಂಬಂತಹ ವಿವರಣೆ ತಪಾಸಣೆಯನ್ನು ಸುಲಭಗೊಳಿಸುತ್ತದೆ.

ಸುಂಕ ತಪ್ಪಿಸಲು ಮಾರಾಟದ ಸರಕನ್ನು ‘ಉಡುಗೊರೆ’ ಎಂದು ಬರೆಯುವುದು ಸುಳ್ಳು ಘೋಷಣೆಯಾಗುತ್ತದೆ. ಬೆಲೆಯನ್ನು ಕಡಿಮೆ ತೋರಿಸಿದರೆ ಬ್ಯಾಂಕಿಗೆ ಬಂದ ಹಣಕ್ಕೂ ದಾಖಲೆಗೂ ತಾಳೆಯಾಗುವುದಿಲ್ಲ. ಪೊಟ್ಟಣ ಕಳೆದುಹೋದಾಗ ಪೂರ್ಣ ಪರಿಹಾರವನ್ನು ಕೇಳುವುದೂ ಕಷ್ಟ.

## ಸಾಗಣೆ

ಕೊರಿಯರ್ ಕಂಪನಿಗಳು ವಾಸ್ತವ ತೂಕ ಮತ್ತು ಗಾತ್ರಾಧಾರಿತ ತೂಕಗಳಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. 30×25×20 ಸೆಂ.ಮೀ. ಪೆಟ್ಟಿಗೆಯ ಘನಗಾತ್ರವನ್ನು, ರೂಢಿಯಲ್ಲಿರುವಂತೆ, 5000ದಿಂದ ಭಾಗಿಸಿದರೆ 3 ಕಿ.ಗ್ರಾಂ. ಬರುತ್ತದೆ. ಒಳಗಿನ ಗೊಂಬೆಗಳು 900 ಗ್ರಾಂ ಇದ್ದರೂ 3 ಕಿಲೋದ ದರವನ್ನೇ ಕೊಡಬೇಕು. ಆದುದರಿಂದ ಪೆಟ್ಟಿಗೆಯನ್ನು ಗೊಂಬೆಯ ಅಳತೆಗೆ ಹೊಂದಿಸುವುದು ಉಳಿತಾಯದ ಮೊದಲ ದಾರಿ. ಹಗುರವಾದ ಪೊಟ್ಟಣಗಳಿಗೆ ಅಂಚೆ ಸಾಮಾನ್ಯವಾಗಿ ಅಗ್ಗ, ಆದರೆ ನಿಧಾನ.

## ಬೆಲೆ ನಿಗದಿ

ಜಾಲತಾಣದ ಶುಲ್ಕವನ್ನು ವೆಚ್ಚದ ಮೇಲಲ್ಲ, ಮಾರಾಟ ಬೆಲೆಯ ಮೇಲೆ ಲೆಕ್ಕಹಾಕಲಾಗುತ್ತದೆ. ಎಟ್ಸಿಯಂತಹ ತಾಣಗಳಲ್ಲಿ ಗ್ರಾಹಕರು ಕೊಡುವ ಸಾಗಣೆ ಮೊತ್ತಕ್ಕೂ ಈ ಶುಲ್ಕ ಅನ್ವಯಿಸುತ್ತದೆ. ಉದಾಹರಣೆಗೆ, ಗೊಂಬೆಯ ತಯಾರಿಕೆಗೆ 600, ಪ್ಯಾಕಿಂಗ್‌ಗೆ 60, ಸಾಗಣೆಗೆ 900 ಮತ್ತು ಲಾಭಕ್ಕೆ 240 ರೂಪಾಯಿ ಎಂದಿಟ್ಟುಕೊಂಡರೆ ಕೈಗೆ 1800 ರೂಪಾಯಿ ಬರಬೇಕು. ಒಟ್ಟು ಶುಲ್ಕ ಶೇ. 12 ಎಂದು ಭಾವಿಸಿ 1800ಕ್ಕೆ ಶೇ. 12 ಸೇರಿಸಿದರೆ ಬೆಲೆ 2016 ಆಗುತ್ತದೆ. ಶುಲ್ಕ ಕಳೆದ ಮೇಲೆ ಸುಮಾರು 1774 ಮಾತ್ರ ಉಳಿಯುತ್ತದೆ. ಸರಿಯಾದ ಕ್ರಮವೆಂದರೆ 1800ನ್ನು 0.88ರಿಂದ ಭಾಗಿಸುವುದು, ಆಗ ಬೆಲೆ ಸುಮಾರು 2046 ರೂಪಾಯಿ.

## ಮಿತಿಗಳು

ಆಮದು ಸುಂಕ ಈ ಲೆಕ್ಕದಲ್ಲಿ ಸೇರಿಲ್ಲ. ಅಮೆರಿಕವು 800 ಡಾಲರ್‌ವರೆಗಿನ ಸರಕುಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಸುಂಕವನ್ನು ಯಾರು ಭರಿಸಬೇಕೆಂಬುದು ಮೊದಲೇ ಸ್ಪಷ್ಟವಾಗದಿದ್ದರೆ ಗ್ರಾಹಕರು ಪೊಟ್ಟಣವನ್ನು ನಿರಾಕರಿಸಬಹುದು. ಆಗ ಹೋಗುವ ಸಾಗಣೆ ವೆಚ್ಚವೇ ಹಲವು ಗೊಂಬೆಗಳ ಲಾಭವನ್ನು ನುಂಗುತ್ತದೆ. ಮಕ್ಕಳ ಆಟಿಕೆಗಳಿಗೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದಲ್ಲಿ ಪ್ರತ್ಯೇಕ ಸುರಕ್ಷತಾ ನಿಯಮಗಳಿವೆ. ಅರಗು ನೈಸರ್ಗಿಕವೆಂಬ ಕಾರಣಕ್ಕೆ ಅವುಗಳಿಂದ ವಿನಾಯಿತಿ ದೊರೆಯುವುದಿಲ್ಲ.