ಆರ್ಡರ್ ಬಂತು, ದುಡ್ಡು ಎಲ್ಲಿಂದ?

ಪೀಣ್ಯದಲ್ಲೊಂದು ಮಷೀನ್ ಶಾಪ್ ಇದೆ ಎಂದುಕೊಳ್ಳಿ. ಪಂಪ್ ಕಂಪನಿಯೊಂದಕ್ಕೆ ಶಾಫ್ಟ್, ಬುಷ್ ಮಾಡಿಕೊಡುವ ಕೆಲಸ. ವರ್ಷಕ್ಕೆ 4 ಕೋಟಿ ರೂಪಾಯಿ ವಹಿವಾಟು, ತೆರಿಗೆ, ಸಂಬಳ, ಮಾಲೀಕರ ಮನೆಖರ್ಚು ಎಲ್ಲ ಕಳೆದು ಕೈಯಲ್ಲಿ 30 ಲಕ್ಷ ಉಳಿಯುತ್ತದೆ. ಈಗ ಹೊಸ ಗಿರಾಕಿಯೊಬ್ಬರು ವರ್ಷಕ್ಕೆ 2 ಕೋಟಿಯ ಆರ್ಡರ್ ಕೊಡುತ್ತೇವೆ ಎನ್ನುತ್ತಿದ್ದಾರೆ.

ಅದಕ್ಕೆ ಬೇಕಾದ ಸಿಎನ್‌ಸಿ ಮಷೀನ್‌ಗಳಿಗೆ 60 ಲಕ್ಷ. ಅಷ್ಟಕ್ಕೇ ಮುಗಿಯುವುದಿಲ್ಲ. ಉಕ್ಕು ತಂದು, ಮಾಲು ಮಾಡಿ, ಕಳಿಸಿ, ಬಿಲ್ಲಿನ ದುಡ್ಡು ಕೈಸೇರುವ ಹೊತ್ತಿಗೆ ನಾಲ್ಕು ತಿಂಗಳು. ಉಕ್ಕಿನ ವ್ಯಾಪಾರಿ ಒಂದು ತಿಂಗಳು ಸಾಲ ಕೊಟ್ಟರೂ ಉಳಿದ ಮೂರು ತಿಂಗಳ ಖರ್ಚನ್ನು ಮಾಲೀಕರೇ ಹೊರಬೇಕು. ಅದು ಸುಮಾರು 40 ಲಕ್ಷ. ಲಾಭದಲ್ಲಿರುವ ಕಾರ್ಖಾನೆ ಬೆಳೆಯುವಾಗಲೇ ದುಡ್ಡಿಗೆ ಪರದಾಡುವುದು ಇದೇ ಕಾರಣಕ್ಕೆ.

ಒಟ್ಟು ಒಂದು ಕೋಟಿ. ಲಾಭದ ದುಡ್ಡಿನಿಂದಲೇ ಕೂಡಿಸುತ್ತೇನೆಂದರೆ ಮೂರು ವರ್ಷ ದಾಟುತ್ತದೆ, ಗಿರಾಕಿ ಅಲ್ಲಿಯವರೆಗೆ ಕಾಯುವುದಿಲ್ಲ. ಆದರೆ ಸ್ವಂತ ದುಡ್ಡು ಇನ್ನೊಂದು ಕಡೆಯೂ ಸಿಕ್ಕಿಬಿದ್ದಿದೆ: ಹಳೆಯ ಗಿರಾಕಿಯ ಬಾಕಿಯಲ್ಲಿ. ಆ ಕಂಪನಿ 75 ದಿನಕ್ಕೆ ಹಣ ಕೊಡುತ್ತಿದ್ದರೆ ಅದನ್ನು 45ಕ್ಕೆ ಇಳಿಸಿದರೆ ಒಂದು ತಿಂಗಳ ಬಿಲ್ಲು, ಅಂದರೆ 33 ಲಕ್ಷ, ಒಮ್ಮೆಗೆ ಬಿಡುಗಡೆಯಾಗುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಆದರೂ ದೊಡ್ಡ ಗಿರಾಕಿಯ ಮೇಲೆ ದೂರು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಅಂಥವರಿಗೆ ಟ್ರೆಡ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಿದೆ. ಗಿರಾಕಿ ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಬಡ್ಡಿ ಮುರಿದುಕೊಂಡು ಹಣ ಕೊಡುತ್ತವೆ. ಮುಂದೆ ಗಿರಾಕಿ ದುಡ್ಡು ಕೊಡದಿದ್ದರೂ ಬ್ಯಾಂಕು ನಿಮ್ಮ ಬಳಿ ಬರುವಂತಿಲ್ಲ.

ಈ 33 ಲಕ್ಷ ಕೈಲಿದ್ದರೆ ಬ್ಯಾಂಕಿನ ಬಾಗಿಲು ಸಲೀಸಾಗಿ ತೆರೆಯುತ್ತದೆ. ಮಷೀನ್ ಬೆಲೆಯ ಕಾಲುಭಾಗ, 15 ಲಕ್ಷ, ನೀವು ಹಾಕಿದರೆ 45 ಲಕ್ಷ ಟರ್ಮ್ ಲೋನ್. ದಿನನಿತ್ಯದ ಬಂಡವಾಳದಲ್ಲಿ 10 ಲಕ್ಷ ನಿಮ್ಮದು, ಉಳಿದ 30 ಲಕ್ಷಕ್ಕೆ ಸಿಸಿ ಖಾತೆ. ಇವೆರಡನ್ನು ಬೆರೆಸಬಾರದು. ಅವಸರಕ್ಕೆ ಸಿಸಿ ಹಣದಲ್ಲೇ ಮಷೀನ್ ತಂದವರ ಖಾತೆ ಸದಾ ಮಿತಿ ಮುಟ್ಟಿ ನಿಂತಿರುತ್ತದೆ, ಉಕ್ಕು ತರಲು ದುಡ್ಡಿರುವುದಿಲ್ಲ. ಅಡಮಾನಕ್ಕೆ ಆಸ್ತಿಯಿಲ್ಲದವರಿಗೆ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ, ಸಾಲಗಾರನಿಗಲ್ಲ. ಸಾಲ ತೀರಿಸುವ ಹೊಣೆ ಆಮೇಲೂ ನಿಮ್ಮದೇ.

ಶೇ. 11ರ ಬಡ್ಡಿ, ಐದು ವರ್ಷದ ಅವಧಿ ಎಂದರೆ ಕಂತು ತಿಂಗಳಿಗೆ 98 ಸಾವಿರ, ವರ್ಷಕ್ಕೆ ಸುಮಾರು 12 ಲಕ್ಷ. ಉಳಿತಾಯ 30 ಲಕ್ಷ ಇರುವಾಗ ಇದು ಸುಲಭ ಎನಿಸುತ್ತದೆ. ಮಾರಾಟ ಕುಸಿದರೆ ಏನಾಗುತ್ತದೆಂದು ಕೇಳಿಕೊಂಡಾಗ ಲೆಕ್ಕ ಬದಲಾಗುತ್ತದೆ. ನೂರು ರೂಪಾಯಿ ಮಾರಾಟದಲ್ಲಿ 60 ಉಕ್ಕು, ಟೂಲ್, ಜಾಬ್‌ವರ್ಕಿಗೆ ಹೋದರೆ ಉಳಿಯುವ 40ರಲ್ಲೇ ಬಾಡಿಗೆ, ಸಂಬಳ ನಡೆಯಬೇಕು, ಅವು ಮಾರಾಟ ಇಳಿದರೂ ಇಳಿಯುವುದಿಲ್ಲ. ಮಾರಾಟ ಶೇ. 10 ಬಿದ್ದರೆ 16 ಲಕ್ಷ ಹೋಗಿ 14 ಉಳಿಯುತ್ತದೆ, ಕಂತು ಹೇಗೋ ಕಟ್ಟಬಹುದು. ಶೇ. 20 ಬಿದ್ದರೆ ಉಳಿತಾಯವೆಲ್ಲ ಖಾಲಿ. ಹೊಸ ಆರ್ಡರ್ ಪೂರ್ತಿ ನಡೆಯತೊಡಗಿದ ಮೇಲೆ ಇಷ್ಟು ಕುಸಿತವನ್ನು ತಾಳಿಕೊಳ್ಳಬಹುದು. ಅಪಾಯವಿರುವುದು ಅದಕ್ಕೆ ಮುಂಚಿನ ತಿಂಗಳುಗಳಲ್ಲಿ: ಮಷೀನ್ ಬಂದಿದೆ, ಕಂತು ಶುರುವಾಗಿದೆ, ಸ್ಯಾಂಪಲ್ ಮಾತ್ರ ಇನ್ನೂ ಪಾಸಾಗಿಲ್ಲ. ಆದ್ದರಿಂದ ಲಿಖಿತ ಪರ್ಚೇಸ್ ಆರ್ಡರ್ ಕೈಗೆ ಬಂದ ಮೇಲೆಯೇ ಸಹಿ ಹಾಕಬೇಕು, ಆರು ತಿಂಗಳು ಅಸಲಿನ ಕಂತಿಗೆ ವಿನಾಯಿತಿ ಕೇಳಬೇಕು.

ಇನ್ನು ಪಾಲು ಮಾರುವ ದಾರಿ. ಒಂದು ಕೋಟಿಗೆ ಶೇ. 20 ಪಾಲು ಕೊಟ್ಟರೆ ಕಂತಿನ ಕಾಟವಿಲ್ಲ. ಆದರೆ ಬೆಳೆದ ಮೇಲೆ ಉಳಿತಾಯ 70 ಲಕ್ಷವಾದರೆ ಅದರಲ್ಲಿ 14 ಲಕ್ಷ ಪ್ರತಿವರ್ಷ ಅವರದು, ಐದು ವರ್ಷಕ್ಕೆ ಅದು ಮುಗಿಯುವುದೂ ಇಲ್ಲ. ಮೇಲಾಗಿ ಹೂಡಿಕೆದಾರರು ಕೆಲವೇ ವರ್ಷಗಳಲ್ಲಿ ಪಾಲನ್ನು ಹಲವು ಪಟ್ಟು ಬೆಲೆಗೆ ಮಾರಿ ಹೊರಡಲು ನೋಡುತ್ತಾರೆ. ಬೇರೆಯವರ ಡ್ರಾಯಿಂಗಿಗೆ ಮಾಲು ಮಾಡಿಕೊಡುವ ಶಾಪ್ ಅಷ್ಟು ವೇಗವಾಗಿ ಬೆಳೆಯುವುದು ಅಪರೂಪ. ಆಗ ಕಾರ್ಖಾನೆಯನ್ನೇ ಮಾರುವ ಒತ್ತಡ ಬರಬಹುದು.

ಹಾಗಾದರೆ ಪಾಲುಬಂಡವಾಳ ಯಾರಿಗೆ? ಬೆಂಗಳೂರಿನ ಏಥರ್ ಎನರ್ಜಿ 2013ರಲ್ಲಿ ಶುರುವಾಯಿತು, ಅದರ ಸ್ಕೂಟರ್ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಮಾರಲು ಸ್ಕೂಟರೇ ಇರಲಿಲ್ಲ, ಕಂತು ಕಟ್ಟುವುದೆಲ್ಲಿಂದ? ಟೈಗರ್ ಗ್ಲೋಬಲ್, ಹೀರೋ ಮೋಟೊಕಾರ್ಪ್‌ನಂಥವರು ಪಾಲು ಪಡೆದು ಹಣ ಹಾಕಿದ್ದರಿಂದಲೇ ಅದು ಸಾಧ್ಯವಾಯಿತು.

ನಮ್ಮ ಪೀಣ್ಯದ ಶಾಪಿಗೆ ಅಂಥ ಅನಿಶ್ಚಿತತೆ ಇಲ್ಲ. ಹಾಕಿದ ದುಡ್ಡು ಯಾವ ತಿಂಗಳಿಂದ ವಾಪಸಾಗುತ್ತದೆಂದು ಅದರ ಮಾಲೀಕರು ಆರ್ಡರ್ ನೋಡಿ ಬರೆದಿಡಬಲ್ಲರು, ಹಾಗಾಗಿ ಅವರಿಗೆ ಸಾಲ ಹೊಂದುತ್ತದೆ. ಆ ತಿಂಗಳನ್ನು ಬರೆಯಲಾಗದವರು, ಅಂದರೆ ಸ್ವಂತ ಪಂಪನ್ನೇ ವಿನ್ಯಾಸ ಮಾಡಹೊರಟವರು, ಬ್ಯಾಂಕಿಗೆ ಹೋಗುವ ಮೊದಲು ಪಾಲುದಾರರನ್ನು ಹುಡುಕುವುದು ಒಳ್ಳೆಯದು.