ಮೂರು ಪೈಸೆ ಎಲ್ಲಿ ಹೋಯ್ತು? ಇಎಂಐ ಪಟ್ಟಿಗೂ ನಿಮ್ಮ ಶೀಟಿಗೂ ಲೆಕ್ಕ ಯಾಕೆ ಕೂಡಲ್ಲ

ಕಳೆದ ತಿಂಗಳು ಚಿಕ್ಕಮ್ಮನ ಮಗಳು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ಹೊಲಿಗೆ ಮೆಷಿನ್ ತಗೊಳ್ಳೋಕೆ ಒಂದು ಫೈನಾನ್ಸ್ ಕಂಪನಿಯಿಂದ ಒಂದು ಲಕ್ಷ ರೂಪಾಯಿ ಸಾಲ ಮಾಡಿದ್ದಾಳೆ. ವರ್ಷಕ್ಕೆ ಶೇ. 12 ಬಡ್ಡಿ, 12 ಕಂತು. ಕಂಪನಿ ಕೊಟ್ಟ ಕಂತಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಾನೇ ಹಾಕಿ ನೋಡಿದ್ದಾಳೆ. ಮೂರನೇ ತಿಂಗಳಿಂದ ಬಾಕಿ ಒಂದು ಪೈಸೆ ತಾಳೆ ಆಗ್ತಿಲ್ಲ. ಕೊನೇ ಕಂತಂತೂ ಬೇರೆಯೇ ಇದೆ.

"ಅಣ್ಣಾ, ಪೈಸೆ ಲೆಕ್ಕಾನೇ ಸರಿ ಇಲ್ಲ ಅಂದ್ರೆ ರೂಪಾಯಲ್ಲಿ ಏನೇನ್ ಆಟ ಆಡಿರಬೇಕು? ಲಕ್ಷ ಜನರ ಹತ್ರ ಒಂದೊಂದು ಪೈಸೆ ಕಿತ್ಕೊಂಡ್ರೂ ಎಷ್ಟಾಯ್ತು?"

ಕಂಪನಿಗೆ ಕೇಳಿದ್ದಕ್ಕೆ "ಸಿಸ್ಟಮ್‌ನಲ್ಲಿ ಹಂಗೇ ಬರುತ್ತೆ ಮೇಡಂ" ಅಂದರಂತೆ. ಅನುಮಾನ ಹುಟ್ಟೋಕೆ ಈ ಉತ್ತರವೇ ಸಾಕು. ಆದರೆ ಆರೋಪ ಮಾಡುವ ಮೊದಲು ಲೆಕ್ಕ ಬಿಡಿಸಿ ನೋಡಬೇಕಲ್ವಾ? ಇಬ್ಬರೂ ಕೂತು ಬಿಡಿಸಿದೆವು.

ಕಾಣೋದೇ ಬೇರೆ, ಒಳಗಿರೋದೇ ಬೇರೆ

ಈ ಸಾಲಕ್ಕೆ ಎಕ್ಸೆಲ್‌ನ PMT ಸೂತ್ರ ಕೊಡುವ ಕಂತು 8,884.88 ರೂಪಾಯಿ. ಪರದೆ ಮೇಲೆ ಕಾಣೋದು ಅಷ್ಟೇ. ಸೆಲ್ ಒಳಗೆ ಇರೋದು 8,884.878868… ಅಂತ ಮುಂದುವರಿಯುವ ಸಂಖ್ಯೆ. ಎರಡು ದಶಮಾಂಶಕ್ಕೆ ಫಾರ್ಮ್ಯಾಟ್ ಮಾಡಿದರೆ ತೋರಿಸುವ ರೀತಿ ಬದಲಾಗುತ್ತೆ, ಸಂಖ್ಯೆ ಬದಲಾಗಲ್ಲ. ಮುಂದಿನ ತಿಂಗಳ ಲೆಕ್ಕಕ್ಕೆ ಎಕ್ಸೆಲ್ ಆ ಪೂರ್ತಿ ಬಾಲವನ್ನೇ ಎಳ್ಕೊಂಡು ಹೋಗುತ್ತೆ.

ಕಂಪನಿಗೆ ಆ ಸೌಲಭ್ಯ ಇಲ್ಲ. ನಿಮ್ಮ ಖಾತೆಯಿಂದ 87.8868 ಪೈಸೆ ಕಡಿತ ಮಾಡೋಕೆ ಆಗಲ್ಲ, 88 ಪೈಸೆಯೇ ಕಡಿತ ಆಗಬೇಕು. ಲೆಡ್ಜರ್‌ನಲ್ಲಿ ಬರೆಯುವ ಬಡ್ಡಿಯೂ ಹಾಗೇ. ಅಂದರೆ ಕಂಪನಿ ಪ್ರತಿ ತಿಂಗಳೂ ಎರಡು ಕಡೆ ಪೈಸೆಗೆ ದುಂಡು ಮಾಡುತ್ತೆ: ಕಂತಿನಲ್ಲಿ ಒಮ್ಮೆ, ಬಡ್ಡಿಯಲ್ಲಿ ಒಮ್ಮೆ.

ಮೊದಲ ತಿಂಗಳ ಬಡ್ಡಿ ಸರಿಯಾಗಿ 1,000 ರೂಪಾಯಿ. ಕಂತಿನಲ್ಲಿ ಉಳಿದ 7,884.88 ಅಸಲಿಗೆ ಹೋಯ್ತು, ಬಾಕಿ 92,115.12. ಎರಡನೇ ತಿಂಗಳ ಬಡ್ಡಿ 921.1512 ಬರಬೇಕು, ಕಂಪನಿ 921.15 ಅಂತ ಬರೆಯಿತು. ಮೂರನೇ ತಿಂಗಳು 841.5139 ಇದ್ದದ್ದು 841.51 ಆಯ್ತು. ಹೀಗೆ ಕಳೆದುಹೋದ ಚೂರುಗಳೆಲ್ಲ ಸೇರಿ ಮೂರನೇ ತಿಂಗಳಿಗೆ ಕಣ್ಣಿಗೆ ಬೀಳುವಷ್ಟಾದವು.

| ತಿಂಗಳು | ಕಂಪನಿ ಪಟ್ಟಿಯ ಬಾಕಿ | ಶೀಟಿನ ಬಾಕಿ |
|---|---|---|
| 2 | 84,151.39 | 84,151.39 |
| 3 | 76,108.02 | 76,108.03 |
| 6 | 51,492.09 | 51,492.11 |
| 11 | 8,796.88 | 8,796.91 |

ಹನ್ನೆರಡನೇ ತಿಂಗಳು ಕಂಪನಿಗೆ ಬರಬೇಕಾದದ್ದು 8,796.88 ಅಸಲು, 87.97 ಬಡ್ಡಿ. ಒಟ್ಟು 8,884.85. ಹಾಗಾಗಿ ಕೊನೇ ಕಂತು ಉಳಿದವುಗಳಿಗಿಂತ ಮೂರು ಪೈಸೆ ಕಮ್ಮಿ. ಸಾಲ ಸೊನ್ನೆಗೆ ಬಂದು ನಿಲ್ಲಬೇಕಾದರೆ ಹೊಂದಾಣಿಕೆ ಎಲ್ಲೋ ಒಂದು ಕಡೆ ಆಗಲೇಬೇಕು, ಸಾಮಾನ್ಯವಾಗಿ ಅದು ಆಗೋದು ಕೊನೇ ಕಂತಿನಲ್ಲೇ.

ಇನ್ನು ಒಟ್ಟು ಬಡ್ಡಿ: ಶೀಟಿನ ಪ್ರಕಾರ 6,618.55, ಕಂಪನಿ ಪ್ರಕಾರ 6,618.53. ಕಳ್ಳತನ ಅಂತ ತಂಗಿ ಅಂದುಕೊಂಡಿದ್ದ ವ್ಯತ್ಯಾಸದಲ್ಲಿ ಅವಳಿಗೇ ಎರಡು ಪೈಸೆ ಉಳಿದಿದೆ! ಎಲ್ಲರಿಗೂ ಹೀಗೇ ಉಳಿಯುತ್ತೆ ಅಂತಲ್ಲ. ಕಂತು ಕೆಳಕ್ಕೆ ದುಂಡಾಗಿದ್ದರೆ ಕೊನೇ ಕಂತು ತುಸು ಜಾಸ್ತಿ ಬರಬಹುದು.

ಕೆಲವರು ಕಂತನ್ನು ಪೂರ್ತಿ ರೂಪಾಯಿಗೇ ಏರಿಸುತ್ತಾರೆ. ಇದೇ ಸಾಲಕ್ಕೆ 8,885 ರೂಪಾಯಿ ಕಂತು ಹಾಕಿದರೆ ಕೊನೇ ಕಂತು 8,883.46 ಆಗಬೇಕು. ಇಲ್ಲಿ ಗಮನಿಸಬೇಕಾದ್ದು ಒಂದೇ: ಕಂತು ಏರಿಸಿದವರು ಕೊನೇ ಕಂತನ್ನು ಇಳಿಸಿದ್ದಾರಾ? ಹನ್ನೆರಡನೆಯದೂ 8,885 ಅಂತಲೇ ಇದ್ದರೆ, ಆ 1.54 ರೂಪಾಯಿ ನಿಮ್ಮದು. ಕೇಳಿ.

ಶೀಟನ್ನು ಕಂಪನಿಯಂತೆ ಯೋಚಿಸುವ ಹಾಗೆ ಮಾಡಿ

ಫಾರ್ಮ್ಯಾಟ್ ಬಿಟ್ಟು ROUND ಬಳಸಿ. ಮೊದಲ ಸೂತ್ರ ಕಂತಿಗೆ, ಎರಡನೆಯದು ತಿಂಗಳ ಬಡ್ಡಿಗೆ. B2 ಅಂದರೆ ಹಿಂದಿನ ತಿಂಗಳ ಬಾಕಿ.

```
=ROUND(PMT(12%/12,12,-100000),2)
=ROUND(B2*12%/12,2)
```

ಕೊನೇ ತಿಂಗಳಿಗೆ ಮಾತ್ರ ಕಂತಿನ ಜಾಗದಲ್ಲಿ ಬಾಕಿ ಮತ್ತು ಬಡ್ಡಿ ಕೂಡಿಸಿ. ತಂಗಿಯ ಶೀಟಿನಲ್ಲಿ ಹೀಗೆ ಮಾಡಿದ ಮೇಲೆ ಹನ್ನೆರಡು ಸಾಲೂ ಪಟ್ಟಿಯ ಜೊತೆ ಪೈಸೆ ಬಿಡದೆ ಕೂಡಿದವು.

ಯಾವಾಗ ಅನುಮಾನ ಪಡಬೇಕು?

ದುಂಡು ಮಾಡೋದರಿಂದ ಬರುವ ವ್ಯತ್ಯಾಸಕ್ಕೆ ಒಂದು ಮಿತಿ ಇದೆ. ಪ್ರತಿ ಸಲ ಹೆಚ್ಚೆಂದರೆ ಅರ್ಧ ಪೈಸೆ, ತಿಂಗಳಿಗೆ ಎರಡು ಸಲ. ಈ ಸಾಲದಲ್ಲಿ ಎಲ್ಲ ಚೂರೂ ಒಂದೇ ಕಡೆ ಬಿದ್ದರೂ 12 ತಿಂಗಳಲ್ಲಿ 13 ಪೈಸೆ ದಾಟಲ್ಲ. ಅವಧಿ ಉದ್ದವಾದಷ್ಟೂ ಚೂರಿಗೂ ಬಡ್ಡಿ ಬೆಳೆಯುತ್ತೆ: ಶೇ. 9ರ 20 ವರ್ಷದ ಗೃಹಸಾಲದಲ್ಲಿ ಕಂತಿನ ಅರ್ಧ ಪೈಸೆಯೊಂದೇ ಕೊನೆಗೆ ಸುಮಾರು 3.34 ರೂಪಾಯಿವರೆಗೆ ಹೋಗಬಹುದು.

ಮೊದಲ ತಿಂಗಳಲ್ಲೇ ರೂಪಾಯಿಗಟ್ಟಲೆ ವ್ಯತ್ಯಾಸ ಬಂದರೆ ಅದು ದುಂಡು ಮಾಡಿದ್ದಲ್ಲ. ಉದಾಹರಣೆಗೆ ಮೊದಲ ಬಡ್ಡಿ 1,000 ಬದಲು 1,019.18 ಅಂತ ಇದ್ದರೆ, ಅವರು ತಿಂಗಳ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿದಿದ್ದಾರೆ: 31 ದಿನ, 365ರಲ್ಲಿ. 1,020.83 ಇದ್ದರೆ ಬಡ್ಡಿದರವೇ ಶೇ. 12.25. ಮೊದಲನೆಯದು ಒಪ್ಪಂದದಲ್ಲಿ ಬರೆದಿರಬೇಕಾದ ವಿಧಾನ, ಎರಡನೆಯದು ಮಾತು ತಪ್ಪಿದ್ದು.

ಅಸಲಿ ದುಡ್ಡು ಪಟ್ಟಿಯ ಹೊರಗಿತ್ತು

ಪೈಸೆ ಕೂಡಿದ ಮೇಲೆ ನಾನು ಕೇಳಿದೆ: "ಖಾತೆಗೆ ಬಂದಿದ್ದೆಷ್ಟು?"

97,640. ಸಂಸ್ಕರಣಾ ಶುಲ್ಕ 2,000, ಅದರ ಮೇಲೆ ಶೇ. 18 ಜಿಎಸ್‌ಟಿ 360, ಎರಡನ್ನೂ ಮೊದಲೇ ಹಿಡಿದುಕೊಂಡಿದ್ದರು. ಆದರೆ ಬಡ್ಡಿ ಕಟ್ಟುತ್ತಿರೋದು ಪೂರ್ತಿ ಲಕ್ಷಕ್ಕೆ. ಕೈಗೆ ಬಂದ ದುಡ್ಡಿಗೆ ಹೋಲಿಸಿದರೆ ನಿಜವಾದ ದರ ಎಷ್ಟು ಅಂತ ಇನ್ನೊಂದು ಸಾಲು ಹಾಕಿದೆವು:

```
=RATE(12,-8884.88,97640)*12
```

ಬಂದ ಉತ್ತರ ಶೇ. 16.56. ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದು ಗುಟ್ಟಾಗಿ ಇರಬೇಕಾದ ಸಂಖ್ಯೆ ಅಲ್ಲ. ಆರ್‌ಬಿಐ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಮತ್ತು ಕಂತಿನ ಪಟ್ಟಿ ಎರಡೂ ಅದರಲ್ಲಿರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹೇರುವಂತಿಲ್ಲ.

ತಂಗಿಯ ಕಡತದಲ್ಲೂ ಆ ಹಾಳೆ ಇತ್ತು, ಇಂಗ್ಲಿಷಿನಲ್ಲಿ. ಎಪಿಆರ್ ಕೂಡ ಅದರಲ್ಲಿತ್ತು. ಸಹಿ ಹಾಕುವಾಗ ಯಾರೂ ಓದಿ ಹೇಳಿರಲಿಲ್ಲ. ಮಾರನೇ ದಿನ ಅವಳು ಕಂಪನಿಗೆ ಬರೆದ ಮೇಲ್‌ನಲ್ಲಿ ಮೂರು ಪೈಸೆಯ ಮಾತೇ ಇರಲಿಲ್ಲ. ಹಾಳೆಯನ್ನು ಕನ್ನಡದಲ್ಲಿ ಕೊಡಿ ಅಂತ ಒಂದೇ ಸಾಲು ಬರೆದಿದ್ದಳು.